ಅಪ್ಪಯ್ಯನ ಗ್ರಾಚ್ಯುಟಿ ಮತ್ತು ರಜೆ ಹಣ: ಆಫೀಸಿನವರು ಕೊಟ್ಟ ಲೆಕ್ಕ ಸರಿ ಇದೆಯಾ?

ಬನವಾಸಿ ರಸ್ತೆ · 16 ಜೂನ್ 2025

ಎಲ್ಲರಿಗೂ ನಮಸ್ಕಾರ. ಅಪ್ಪಯ್ಯ ಮೇ 31ಕ್ಕೆ ರಿಟೈರ್ ಆದರು. ಶಿರಸಿಯ ಒಂದು ಖಾಸಗಿ ಅಡಿಕೆ ವಹಿವಾಟಿನ ಸಂಸ್ಥೆ. ಸುಮಾರು ನಲವತ್ತು ಜನ ಕೆಲಸಕ್ಕಿದ್ದಾರೆ. ಗುಮಾಸ್ತರಾಗಿ ಸೇರಿ, ಕೊನೆಗೆ ಲೆಕ್ಕಪತ್ರ ನೋಡುವ ಮುಖ್ಯರಾಗಿದ್ದರು. ಬೇರೆಯವರ ಲೆಕ್ಕವನ್ನು ಪೈಸೆ ಬಿಡದೆ ತಾಳೆ ಹಾಕಿದವರು, ತಮ್ಮ ಲೆಕ್ಕ ಕೇಳೋದಕ್ಕೆ ಮುಜುಗರ ಪಡ್ತಾರೆ. ಅದಕ್ಕೇ ನಾನು ಕೇಳ್ತಾ ಇದ್ದೇನೆ.

ಆಫೀಸಿನವರು ಕೊಟ್ಟ ಒಂದು ಪುಟದ ಸೆಟಲ್‌ಮೆಂಟ್ ಹಾಳೆಯಲ್ಲಿ ಹೀಗಿದೆ. ಸೇವೆ 32 ವರ್ಷ. ಕೊನೆಯ ಸಂಬಳ ಮೂಲ ವೇತನ 28,600, ತುಟ್ಟಿಭತ್ಯೆ 10,400, ಒಟ್ಟು 39,000. ಗ್ರಾಚ್ಯುಟಿ 6,24,000. ರಜೆ 150 ದಿನಕ್ಕೆ 1,95,000. ಎರಡೂ ಸೇರಿ 8,19,000.

ನನ್ನ ಗೊಂದಲ ಎರಡು. ಒಂದು, ಅಪ್ಪಯ್ಯ ಕೆಲಸಕ್ಕೆ ಸೇರಿದ್ದು 11 ನವೆಂಬರ್ 1991ಕ್ಕೆ. ನೇಮಕಾತಿ ಪತ್ರ ಇನ್ನೂ ನಮ್ಮ ಕಪಾಟಿನಲ್ಲಿದೆ. ಆಫೀಸಿನವರು 1 ಜೂನ್ 1993ರಿಂದ ಎಣಿಸಿದ್ದಾರೆ. ಆವತ್ತು ಅವರನ್ನು ಕಾಯಂ ಮಾಡಿದರಂತೆ. ಎರಡು, ರಜೆ ಕಾರ್ಡಿನಲ್ಲಿ ಬಾಕಿ 204 ದಿನ ಇದೆ, ಹಾಳೆಯಲ್ಲಿ 150 ಅಂತ ಬರೆದಿದ್ದಾರೆ. "ಪೂರ್ಣ ಹಾಗೂ ಅಂತಿಮ ಪಾವತಿ" ಅಂತ ಬರೆದ ಕಾಗದಕ್ಕೆ ಸಹಿ ಮಾಡಿ ಚೆಕ್ ತಗೊಳ್ಳಿ ಅಂತಿದ್ದಾರೆ. ಸಹಿ ಹಾಕಬಹುದಾ?

ತದಡಿ ಗಾಳಿ · 16 ಜೂನ್

ಸಹಿ ಹಾಕಬೇಡಿ! ಲೆಕ್ಕವೇ ತಪ್ಪು. 39,000ವನ್ನು ಅರ್ಧ ಮಾಡಿ 32ರಿಂದ ಗುಣಿಸಿದ್ದಾರೆ, ನೋಡಿ. ಗ್ರಾಚ್ಯುಟಿಗೆ ತಿಂಗಳನ್ನು 30ರಿಂದ ಅಲ್ಲ, 26ರಿಂದ ಭಾಗಿಸಬೇಕು. ವಾರದ ರಜೆ ಬಿಟ್ಟು ಕೆಲಸದ ದಿನ 26 ಅಲ್ವಾ? ಇನ್ನೊಂದು, ಕೈಗೆ ಬರುವ ಪೂರ್ತಿ ಸಂಬಳ ಹಿಡಿಯಬೇಕು. ಮನೆ ಬಾಡಿಗೆ ಭತ್ಯೆ ಎಲ್ಲ ಸೇರಿಸಿ. ಅಪ್ಪಯ್ಯನದು ಒಟ್ಟು ಎಷ್ಟಿತ್ತು?

ಬನವಾಸಿ ರಸ್ತೆ · 16 ಜೂನ್

ಮನೆ ಬಾಡಿಗೆ 3,200, ಓಡಾಟಕ್ಕೆ 1,300. ಎಲ್ಲ ಸೇರಿ 43,500.

ಮೇಷ್ಟ್ರು ಕುಮಟಾ · 16 ಜೂನ್

ತಂಗಿ, ರಜೆ 300 ದಿನದವರೆಗೂ ಸಿಗುತ್ತೆ. ನನಗೆ 2019ರಲ್ಲಿ ನಿವೃತ್ತಿಯಾದಾಗ ಪೂರ್ತಿ 300 ದಿನಕ್ಕೆ ಮಾಡಿಕೊಟ್ಟರು. ಖಜಾನೆಯಿಂದ ಬಿಲ್ ಪಾಸಾಗೋದಕ್ಕೆ ಸ್ವಲ್ಪ ಓಡಾಡಬೇಕಾಯ್ತು ಅಷ್ಟೇ. 204 ದಿನ ಬಾಕಿ ಇದ್ದರೆ 204ಕ್ಕೂ ಕೇಳಿ. ಬಿಡಬೇಡಿ.

ಕೋಡಿಬೀರ · 17 ಜೂನ್

ನಾನು ಕಾರವಾರದಲ್ಲಿ ಖಾಸಗಿ ಕಾರ್ಖಾನೆಯ ಆಫೀಸಿನಲ್ಲಿ ಇಪ್ಪತ್ತೆರಡು ವರ್ಷ ಇದೇ ಹಾಳೆಗಳನ್ನು ತಯಾರು ಮಾಡಿದವನು. ಒಂದೊಂದಾಗಿ ನೋಡೋಣ. ಮೊದಲು ಗ್ರಾಚ್ಯುಟಿ ಮುಗಿಸಿ, ಆಮೇಲೆ ರಜೆಗೆ ಬರೋಣ. ಇವೆರಡನ್ನು ಒಂದೇ ಹಾಳೆಯಲ್ಲಿ ಬರೆದರೂ ಬೇರು ಬೇರೆ. ಗ್ರಾಚ್ಯುಟಿ 1972ರ ಕಾಯ್ದೆಯಿಂದ ಬರುವ ಹಕ್ಕು. ರಜೆ ಹಣ ನಿಮ್ಮ ಸಂಸ್ಥೆಯ ಸೇವಾ ನಿಯಮದಿಂದ ಬರೋದು.

ತದಡಿಯವರು 26ರ ಮಾತು ಸರಿಯಾಗಿ ಹೇಳಿದರು. ತಿಂಗಳ ಸಂಬಳದವರಿಗೆ 26ರಿಂದ ಭಾಗಿಸಿ 15ರಿಂದ ಗುಣಿಸಬೇಕು ಅಂತ ಕಾಯ್ದೆಯಲ್ಲೇ ಬರೆದಿದೆ. 1987ರಲ್ಲೇ ಅದನ್ನು ಸೇರಿಸಿದ್ದು. ಆದರೂ "ಹದಿನೈದು ದಿನ ಅಂದರೆ ಅರ್ಧ ತಿಂಗಳು" ಅಂತ ಸುಮ್ನೆ ಅರ್ಧ ಮಾಡಿಬಿಡೋ ಆಫೀಸುಗಳನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಅರ್ಧ ಮಾಡಿದರೆ ವರ್ಷಕ್ಕೆ 19,500. ಸರಿಯಾಗಿ ಮಾಡಿದರೆ 22,500. ವರ್ಷಕ್ಕೆ ಮೂರು ಸಾವಿರದ ವ್ಯತ್ಯಾಸ. ಬೇರೆ ಯಾರದ್ದಾದರೂ ಹಾಳೆ ಕೈಗೆ ಬಂದರೆ ಮೊದಲು ಇದನ್ನೇ ನೋಡಿ. ಗ್ರಾಚ್ಯುಟಿ ಮೊತ್ತವನ್ನು ವರ್ಷದಿಂದ ಭಾಗಿಸಿದಾಗ ಸರಿಯಾಗಿ ಅರ್ಧ ಸಂಬಳ ಬಂತು ಅಂದರೆ 30ರ ಲೆಕ್ಕ ಹಾಕಿದ್ದಾರೆ ಅಂತ ಅರ್ಥ.

ಆದರೆ ಪೂರ್ತಿ ಸಂಬಳ ಹಿಡಿಯಿರಿ ಅನ್ನೋದು ಸರಿಯಲ್ಲ. ಮೂಲ ವೇತನ ಮತ್ತು ತುಟ್ಟಿಭತ್ಯೆ ಮಾತ್ರ. ಮನೆ ಬಾಡಿಗೆ, ಬೋನಸ್, ಓವರ್‌ಟೈಮ್, ಓಡಾಟದ ಭತ್ಯೆ ಸೇರೋದಿಲ್ಲ. ಹಾಗಾಗಿ 39,000 ಅಂತ ಅವರು ಹಿಡಿದದ್ದು ಸರಿಯಾಗಿಯೇ ಇದೆ. 43,500ಕ್ಕೆ ವಾದ ಮಾಡಿ ಸರಿ ಇರುವ ಮಾತಿನ ಬಲವನ್ನೂ ಕಳ್ಕೊಳ್ಳಬೇಡಿ.

ಈಗ ಸೇರಿದ ದಿನ. ಪ್ರೊಬೇಷನ್ ಕೂಡ ಸೇವೆಯೇ. ಕಾಯ್ದೆ ಕೇಳೋದು ಸತತವಾಗಿ ಕೆಲಸ ಮಾಡಿದ್ದೀರಾ ಅಂತ. ಕಾಯಂ ಆಗಿದ್ದೀರಾ ಅಂತ ಕೇಳೋದಿಲ್ಲ. ದಿನಗೂಲಿಯಲ್ಲಿ ಇದ್ದವರಿಗೂ ವರ್ಷದಲ್ಲಿ 240 ದಿನ ಕೆಲಸ ಆಗಿದ್ದರೆ ಆ ವರ್ಷ ಸೇರುತ್ತೆ. ಅಪ್ರೆಂಟಿಸ್ ಆಗಿದ್ದರೆ ಮಾತ್ರ ಬೇರೆ. ಆ 1991ರ ಪತ್ರದಲ್ಲಿ ಏನಂತ ಬರೆದಿದೆ, ಅದೇ ಪದ ಹಾಕಿ ಹೇಳಿ.

ಬನವಾಸಿ ರಸ್ತೆ · 17 ಜೂನ್

ಪತ್ರ ತೆಗೆದು ನೋಡಿದೆ. ಟೈಪ್ ಮಾಡಿದ್ದು, ಮಡಿಕೆಯಲ್ಲಿ ಹರಿದಿದೆ. ಹಿಂದಿನಿಂದ ಅಪ್ಪಯ್ಯ ಅಂಟು ಕಾಗದ ಹಚ್ಚಿದ್ದಾರೆ. "ಗುಮಾಸ್ತ ಹುದ್ದೆಗೆ ತಾತ್ಕಾಲಿಕವಾಗಿ, ಪ್ರೊಬೇಷನ್ ಮೇಲೆ ನೇಮಿಸಲಾಗಿದೆ" ಅಂತಿದೆ. ಸಂಬಳ ತಿಂಗಳಿಗೆ 650. ಅಪ್ರೆಂಟಿಸ್ ಅನ್ನೋ ಪದ ಎಲ್ಲೂ ಇಲ್ಲ.

ಸೇವಾ ಪುಸ್ತಕದ ಮೊದಲ ಪುಟದ ಫೋಟೋ ಕೂಡ ಅಪ್ಪಯ್ಯನ ಹತ್ತಿರ ಇದೆ. ಅಲ್ಲಿ "ಸೇರಿದ ದಿನಾಂಕ" ಅನ್ನೋ ಜಾಗದಲ್ಲಿ ನೀಲಿ ಶಾಯಿಯಲ್ಲಿ 11-11-91 ಅಂತ ಬರೆದು, ಅದರ ಪಕ್ಕಕ್ಕೆ ಬೇರೆ ಶಾಯಿಯಲ್ಲಿ "ಖಾಯಂ 1-6-93" ಅಂತ ಬರೆದಿದ್ದಾರೆ. ಹಾಳೆ ತಯಾರು ಮಾಡಿದ ಹುಡುಗ ಎರಡನೆಯದನ್ನು ತಗೊಂಡಿರಬೇಕು.

ಕೋಡಿಬೀರ · 17 ಜೂನ್

ಒಳ್ಳೇದಾಯ್ತು. ನೇಮಕಾತಿ ಪತ್ರ, ಸೇವಾ ಪುಸ್ತಕದ ಮೊದಲ ಪುಟ, ಎರಡೂ ಒಂದೇ ದಿನ ಹೇಳಿದರೆ ಗಟ್ಟಿ ಸಾಕ್ಷಿ. ಪಿಎಫ್ ಚೀಟಿಯ ದಿನಾಂಕವನ್ನು ಮಾತ್ರ ನಂಬಿ ಕೂರಬೇಡಿ. ಕೆಲವು ಕಡೆ ಪಿಎಫ್‌ಗೆ ಹೆಸರು ತಡವಾಗಿ ಸೇರಿಸಿರ್ತಾರೆ.

11-11-1991ರಿಂದ 10-11-2024ಕ್ಕೆ 33 ವರ್ಷ ತುಂಬಿತು. ಅಲ್ಲಿಂದ 10-5-2025ಕ್ಕೆ ಆರು ತಿಂಗಳು. ಮೇ 31ರವರೆಗೆ ಇನ್ನೂ 21 ದಿನ. ಒಟ್ಟು 33 ವರ್ಷ 6 ತಿಂಗಳು 21 ದಿನ. ಆರು ತಿಂಗಳಿಗಿಂತ ಜಾಸ್ತಿ ಆದರೆ ಅದನ್ನು ಪೂರ್ತಿ ವರ್ಷ ಅಂತ ಹಿಡಿಯಬೇಕು. ಹಾಗಾಗಿ 34. ಅಪ್ಪಯ್ಯ ಇಪ್ಪತ್ತೆರಡು ದಿನ ತಡವಾಗಿ ಸೇರಿದ್ದರೆ 33ಕ್ಕೇ ನಿಲ್ಲುತ್ತಿತ್ತು. ಸೇರಿದ ದಿನಾಂಕವನ್ನು ತಿಂಗಳು ವರ್ಷ ಮಾತ್ರ ನೋಡದೆ ದಿನದವರೆಗೆ ನೋಡಬೇಕು ಅನ್ನೋದು ಇದಕ್ಕೇ.

```
39,000 ÷ 26 × 15 × 34 = 7,65,000
```

ಅವರು ಕೊಟ್ಟದ್ದು 6,24,000. ಕೊರತೆ 1,41,000. ಇದನ್ನು ಎರಡು ಭಾಗ ಮಾಡಿ ಇಟ್ಟುಕೊಳ್ಳಿ, ಮುಂದೆ ಉಪಯೋಗಕ್ಕೆ ಬರುತ್ತೆ. 30ರ ಬದಲು 26 ಹಿಡಿದರೆ ಅವರ 32 ವರ್ಷಕ್ಕೇ 96,000 ಜಾಸ್ತಿ ಬರಬೇಕು. ಉಳಿದ ಎರಡು ವರ್ಷಕ್ಕೆ 45,000. ಮೊದಲನೆಯದರಲ್ಲಿ ವಾದಕ್ಕೆ ಜಾಗವೇ ಇಲ್ಲ. ಎರಡನೆಯದರಲ್ಲಿ ಅವರು ಸ್ವಲ್ಪ ಎಳೆದಾಡಬಹುದು.

ಹೊನ್ನಾವರ ಲೆಕ್ಕ · 17 ಜೂನ್

ಕೋಡಿಬೀರ ಸರ್, ಪೂರ್ತಿಯಾದ ವರ್ಷ ಮಾತ್ರ ಹಿಡಿಯಬೇಕು, ತಿಂಗಳು ಬಿಡಬೇಕು ಅಂತ ನಾನು ಓದಿದ್ದೇನೆ. 33 ಆಗಬೇಕಲ್ವಾ?

ಕೋಡಿಬೀರ · 17 ಜೂನ್

ನೀವು ಓದಿದ್ದು ಆದಾಯ ತೆರಿಗೆಯ ನಿಯಮ. ಗ್ರಾಚ್ಯುಟಿ ಕಾಯ್ದೆಗೆ ಒಳಪಡದವರ ವಿನಾಯಿತಿ ಲೆಕ್ಕದಲ್ಲಿ ತಿಂಗಳು ಬಿಡ್ತಾರೆ. ರಜೆ ಹಣದ ವಿನಾಯಿತಿಯಲ್ಲೂ ಹಾಗೇ. ಅದು ತೆರಿಗೆ ಎಷ್ಟು ಅನ್ನೋದಕ್ಕೆ. ಹಣ ಎಷ್ಟು ಬರಬೇಕು ಅನ್ನೋದಕ್ಕೆ ಅಲ್ಲ. ಹತ್ತು ಜನಕ್ಕಿಂತ ಜಾಸ್ತಿ ಇರುವ ಸಂಸ್ಥೆ, ಕಾಯ್ದೆ ಅನ್ವಯಿಸುತ್ತೆ. 34 ಸರಿ.

ಹೊನ್ನಾವರ ಲೆಕ್ಕ · 17 ಜೂನ್

ಹೌದು, ಒಪ್ಪಿದೆ. ತೆರಿಗೆ ಮಾತು ಬಂತಲ್ಲ, ಹೇಳಿಬಿಡ್ತೇನೆ. ಗ್ರಾಚ್ಯುಟಿಗೆ 20 ಲಕ್ಷದವರೆಗೆ, ರಜೆ ಹಣಕ್ಕೆ 25 ಲಕ್ಷದವರೆಗೆ ಮಿತಿ. ರಜೆಗೆ ಹತ್ತು ತಿಂಗಳ ಸರಾಸರಿ ವೇತನದ ಮಿತಿಯೂ ಇದೆ, ಇವರದ್ದು ಅದರೊಳಗೇ ಬರುತ್ತೆ. ಆಫೀಸಿನವರು ತೆರಿಗೆ ಅಂತ ಏನಾದರೂ ಹಿಡಿದರೆ ಯಾಕೆ ಅಂತ ಕೇಳಿ.

ಬನವಾಸಿ ರಸ್ತೆ · 18 ಜೂನ್

ಕೋಡಿಬೀರ ಸರ್, ಹೇಗೆ ಥ್ಯಾಂಕ್ಸ್ ಹೇಳಲಿ. ಅಪ್ಪಯ್ಯನಿಗೆ ಓದಿ ಹೇಳಿದೆ. 21 ದಿನದ ಲೆಕ್ಕ ಕೇಳಿ, ಕ್ಯಾಲೆಂಡರ್ ಇಟ್ಟುಕೊಂಡು ತಾವೇ ಇನ್ನೊಮ್ಮೆ ಎಣಿಸಿದರು. ಸರಿ ಇದೆ ಅಂದರು. ರಜೆದು ಹೇಳಿ ಸರ್.

ಕೋಡಿಬೀರ · 18 ಜೂನ್

ರಜೆ ವಿಷಯದಲ್ಲಿ ಮೇಷ್ಟ್ರು ಹೇಳಿದ 300 ದಿನ ಸರ್ಕಾರಿ ನೌಕರರಿಗೆ. ಖಾಸಗಿಯಲ್ಲಿ ಸೇವಾ ನಿಯಮದಲ್ಲಿ ಎಷ್ಟು ಅಂತ ಬರೆದಿದೆಯೋ ಅಷ್ಟು. ನಿಯಮದ ಪುಸ್ತಕದಲ್ಲಿ ಮೂರು ವಿಷಯ ನೋಡಿ ಹೇಳಿ. ಗಳಿಕೆ ರಜೆ ಎಷ್ಟು ದಿನದವರೆಗೆ ಕೂಡಿಡಬಹುದು? ಕಾಯಿಲೆ ರಜೆಗೆ ಹಣ ಕೊಡ್ತಾರಾ? ಒಂದು ದಿನದ ವೇತನ ಅಂದರೆ ಯಾವುದನ್ನು ಎಷ್ಟರಿಂದ ಭಾಗಿಸಬೇಕು? ಹಾಗೇ ರಜೆ ಕಾರ್ಡಿನಲ್ಲಿ ಆ 204 ಹೇಗೆ ಬಂತು ಅಂತ ನೋಡಿ.

ಬನವಾಸಿ ರಸ್ತೆ · 19 ಜೂನ್

ನೋಡಿದೆ. ಗಳಿಕೆ ರಜೆ 240 ದಿನದವರೆಗೆ ಕೂಡಿಡಬಹುದು. ನಿವೃತ್ತಿ ವೇಳೆ ಅದಕ್ಕೆ "ವೇತನದ ಮೂವತ್ತನೇ ಒಂದು ಭಾಗದಂತೆ" ಹಣ. ಕಾಯಿಲೆ ರಜೆಗೆ ಹಣ ಇಲ್ಲ ಅಂತ ಸ್ಪಷ್ಟವಾಗಿ ಬರೆದಿದೆ.

ಕಾರ್ಡಿನಲ್ಲಿ ಎರಡು ಕಾಲಂ. ಗಳಿಕೆ 168, ಕಾಯಿಲೆ 36. ಕೂಡಿ 204. ನಾನೇ ಕೂಡಿದ್ದು, ನನ್ನದೇ ತಪ್ಪು. ಆದರೆ 168ರ ಕೆಳಗೆ ಪೆನ್ಸಿಲ್‌ನಲ್ಲಿ "-18" ಅಂತ ಬರೆದು 150 ಮಾಡಿದ್ದಾರೆ. ಪಕ್ಕದಲ್ಲಿ "ಏಪ್ರಿಲ್ 2020" ಅಂತಿದೆ. ಬೇರೆ ಎಲ್ಲ ಸಾಲು ಪೆನ್ನಿನಲ್ಲಿ, ಸಣ್ಣ ಸಹಿಯೂ ಇದೆ. ಈ ಸಾಲಿಗೆ ಸಹಿ ಇಲ್ಲ. ಲಾಕ್‌ಡೌನ್‌ನಲ್ಲಿ ಆಫೀಸು ಮುಚ್ಚಿತ್ತು. ಅಪ್ಪಯ್ಯ ರಜೆ ಅರ್ಜಿ ಕೊಟ್ಟಿರಲಿಲ್ಲ, ಆ ತಿಂಗಳ ಸಂಬಳ ಬಂದಿತ್ತು.

ಕೋಡಿಬೀರ · 19 ಜೂನ್

36 ದಿನ ಬಿಟ್ಟುಬಿಡಿ, ಅದು ನಿಮ್ಮದಲ್ಲ. 30ರಿಂದ ಭಾಗಿಸಿದ್ದೂ ಇಲ್ಲಿ ಸರಿ, ನಿಯಮವೇ ಹಾಗೆ ಹೇಳುತ್ತೆ. ಗ್ರಾಚ್ಯುಟಿಯ 26ನ್ನು ತಂದು ರಜೆಗೆ ಹಚ್ಚಲು ಬರೋದಿಲ್ಲ. ದಿನಕ್ಕೆ 1,300.

168 ದಿನಕ್ಕೆ 2,18,400. ಅವರು ಬರೆದದ್ದು 1,95,000. ಜಗಳ ಇರೋದು ಆ 18 ದಿನದ 23,400ಕ್ಕೆ. ಅರ್ಜಿ ಇಲ್ಲದೆ, ಸಹಿ ಇಲ್ಲದೆ, ಪೆನ್ಸಿಲ್‌ನಲ್ಲಿ ಕಳೆದದ್ದನ್ನು ನಾನಾಗಿದ್ದರೆ ಒಪ್ಪುತ್ತಿರಲಿಲ್ಲ. ಯಾವ ಆದೇಶದ ಮೇಲೆ ಕಳೆದಿರಿ, ಪ್ರತಿ ಕೊಡಿ ಅಂತ ಬರೆದು ಕೇಳಿ.

ತದಡಿ ಗಾಳಿ · 19 ಜೂನ್

ಆದರೆ ಸರ್, ಲಾಕ್‌ಡೌನ್‌ನಲ್ಲಿ ನಮ್ಮಲ್ಲೂ ಹೀಗೇ ರಜೆ ಕಳೆದರು. ಮನೆಯಲ್ಲಿ ಕೂತವರಿಗೆ ಸಂಬಳ ಕೊಟ್ಟೆವು, ರಜೆಯಾದರೂ ಕಳೀತೇವೆ ಅಂದರು. ನಾವೆಲ್ಲ ಒಪ್ಪಿದ್ದೆವು. ಅದರಲ್ಲಿ ಪೂರ್ತಿ ತಪ್ಪಿದೆ ಅಂತ ನನಗೆ ಅನ್ನಿಸೋದಿಲ್ಲ.

ಕೋಡಿಬೀರ · 19 ಜೂನ್

ನೀವು ಒಪ್ಪಿದ್ದಿರಿ, ಅದು ಬೇರೆ. ಇವರನ್ನು ಯಾರೂ ಕೇಳಿಲ್ಲ.

ಬನವಾಸಿ ರಸ್ತೆ · 20 ಜೂನ್

ಸಹಿ ವಿಷಯ ಹೇಳಿ ಸರ್. ಚೆಕ್ ಬೇಡ ಅಂತ ಬಿಡೋದಾ? ಆಯಿಯ ಮೊಣಕಾಲಿನ ಆಪರೇಷನ್ ಇದೆ, ದುಡ್ಡು ಬೇಕು.

ಕೋಡಿಬೀರ · 20 ಜೂನ್

ಚೆಕ್ ತಗೊಳ್ಳಿ. ಸಹಿ ಮಾಡುವಾಗ ಅದರ ಮೇಲೆಯೇ ಕೈಬರಹದಲ್ಲಿ "ಗ್ರಾಚ್ಯುಟಿ ಬಾಕಿ 1,41,000 ಮತ್ತು ರಜೆ ಬಾಕಿ 23,400ರ ಹಕ್ಕು ಉಳಿಸಿಕೊಂಡು ಸ್ವೀಕರಿಸಿದ್ದೇನೆ" ಅಂತ ಬರೆದು ದಿನಾಂಕ ಹಾಕಲಿ. ಫೋಟೋ ತೆಗೆದಿಟ್ಟುಕೊಳ್ಳಿ. ಬರೆಯೋದಕ್ಕೆ ಬಿಡದೇ ಹೋದರೂ ಗ್ರಾಚ್ಯುಟಿ ಹಕ್ಕು ಹೋಗೋದಿಲ್ಲ. ಕಾಯ್ದೆಯ 14ನೇ ಕಲಂ ಪ್ರಕಾರ ಕಾಯ್ದೆಗಿಂತ ಕಡಿಮೆ ಕೊಡುವ ಒಪ್ಪಂದ ನಿಲ್ಲೋದಿಲ್ಲ. ಆದರೆ ರಜೆ ಹಣಕ್ಕೆ ಆ ರಕ್ಷಣೆ ಇಲ್ಲ. "ಅಂತಿಮ" ಅಂತ ಸಹಿ ಹಾಕಿದರೆ 23,400 ಕೇಳೋದು ಕಷ್ಟವಾಗಬಹುದು. ಅದಕ್ಕೇ ಆ ಒಂದು ಸಾಲು ಬೇಕು.

ಆಮೇಲೆ ಫಾರ್ಮ್ ಐ ತುಂಬಿ ಕೊಡಿ. ಅದು ನೌಕರ ಮಾಲೀಕರಿಗೆ ಕೊಡುವ ಗ್ರಾಚ್ಯುಟಿ ಅರ್ಜಿ. 30 ದಿನದೊಳಗೆ ಕೊಡಬೇಕು. ತಡವಾಯ್ತು ಅಂತ ಹಕ್ಕು ಹೋಗಲ್ಲ, ಆದರೆ ನಿಮಗಿನ್ನೂ ಸಮಯ ಇದೆ. ಸೇರಿದ ದಿನ 11-11-1991 ಅಂತ ಬರೆದು, ಪತ್ರದ ಜೆರಾಕ್ಸ್ ಲಗತ್ತಿಸಿ. ಇನ್ನೊಂದು ಪ್ರತಿಯ ಮೇಲೆ "ತಲುಪಿದೆ" ಅಂತ ಸೀಲು ಹಾಕಿಸಿಕೊಳ್ಳಿ. ಸೀಲು ಹಾಕದಿದ್ದರೆ ರಿಜಿಸ್ಟರ್ಡ್ ಪೋಸ್ಟ್ ಮಾಡಿ.

ನಿವೃತ್ತಿಯಾಗಿ 30 ದಿನದೊಳಗೆ ಕೊಡದ ಗ್ರಾಚ್ಯುಟಿಗೆ ವರ್ಷಕ್ಕೆ ಶೇ 10ರಂತೆ ಸರಳ ಬಡ್ಡಿ ಕೊಡಬೇಕು. ನಿಮ್ಮ ಕೊರತೆಗೆ ಅದು ತಿಂಗಳಿಗೆ 1,175. ಪತ್ರದಲ್ಲಿ ಈ ಅಂಕಿಯನ್ನು ಬರೆಯಿರಿ. ಹೀಗೆ ಬರೆದ ಮೇಲೆ ಆಫೀಸಿನವರು ಕಡತ ತೆಗೆದು ನೋಡ್ತಾರೆ, ನನ್ನ ಅನುಭವ.

ಆಗಲೂ ಒಪ್ಪದಿದ್ದರೆ ಫಾರ್ಮ್ ಎನ್. ಅದನ್ನು ಗ್ರಾಚ್ಯುಟಿ ನಿಯಂತ್ರಣಾಧಿಕಾರಿಗೆ ಕೊಡೋದು. ನಿಮ್ಮ ಭಾಗಕ್ಕೆ ಆ ಅಧಿಕಾರ ಯಾರಿಗಿದೆ ಅಂತ ಕಾರ್ಮಿಕ ಇಲಾಖೆ ಕಚೇರಿಯಲ್ಲಿ ಕೇಳಿದರೆ ಹೇಳ್ತಾರೆ. 90 ದಿನದ ಗಡುವು ಇದೆ, ಮರೀಬೇಡಿ. ರಜೆಯ ಜಗಳವನ್ನು ಅದರಲ್ಲಿ ಬರೆಯಬೇಡಿ, ಅವರು ಅದನ್ನು ನೋಡೋದಿಲ್ಲ.

ಬೈತಖೋಲ · 22 ಜೂನ್

ಇಲ್ಲೇ ಕೇಳಬಹುದಾ? ನಮ್ಮ ಭಾವ ಬಂದರಿನ ಹತ್ತಿರ ಒಂದು ಐಸ್ ಪ್ಲಾಂಟಿನಲ್ಲಿ 19 ವರ್ಷ ದುಡಿದು ಈ ವರ್ಷ ಬಿಟ್ಟರು. ಹದಿನೈದು ಜನ ಕೆಲಸದವರು. ಜೂನ್, ಜುಲೈ ಮೀನುಗಾರಿಕೆ ನಿಷೇಧ, ಬೋಟ್ ಎಲ್ಲ ದಡದಲ್ಲಿ. ಆಗ ಪ್ಲಾಂಟ್ ನಿಲ್ಲಿಸಿ ಇವರನ್ನು ಮನೆಗೆ ಕಳಿಸ್ತಿದ್ದರು. "ನೀನು ಸೀಸನ್ ಕೆಲಸದವ, ವರ್ಷಕ್ಕೆ ಏಳು ದಿನದ ಲೆಕ್ಕ" ಅಂತ ಧಣಿ ಹೇಳ್ತಾರೆ. ಹದಿನೈದು ದಿನದ್ದು ಸಿಗಲ್ವಾ?

ಕೋಡಿಬೀರ · 22 ಜೂನ್

ಇದು ಒಳ್ಳೆ ಪ್ರಶ್ನೆ, ಸುಲಭದ್ದಲ್ಲ. ಸೀಸನ್ ಸಂಸ್ಥೆಯಲ್ಲಿ ವರ್ಷಪೂರ್ತಿ ಕೆಲಸ ಇಲ್ಲದವರಿಗೆ ಒಂದು ಸೀಸನ್ನಿಗೆ ಏಳು ದಿನದ ವೇತನ ಅನ್ನೋ ನಿಯಮ ಇರೋದು ನಿಜ. ಧಣಿ ಅದನ್ನೇ ಹೇಳ್ತಿದ್ದಾರೆ. ಆದರೆ ನೌಕರನ ತಪ್ಪಿಲ್ಲದೆ ಕೆಲಸ ನಿಂತರೆ ಸೇವೆ ಕಡಿಯೋದಿಲ್ಲ ಅನ್ನೋದೂ ಅದೇ ಕಾಯ್ದೆಯಲ್ಲಿದೆ. ಹತ್ತು ತಿಂಗಳು ಕೆಲಸ ಮಾಡಿದವರಿಗೆ 240 ದಿನ ಸಲೀಸಾಗಿ ತುಂಬುತ್ತೆ. ಆ ಎರಡು ತಿಂಗಳು ಯಂತ್ರ ರಿಪೇರಿ, ಕಾವಲು, ಬಣ್ಣ ಬಳಿಯೋದು ಅಂತ ಭಾವನನ್ನು ಕರೆದಿದ್ದರಾ? ಸ್ವಲ್ಪ ಹಣವಾದರೂ ಕೊಟ್ಟಿದ್ದರಾ?

ಬೈತಖೋಲ · 22 ಜೂನ್

ಕೆಲವು ವರ್ಷ ಕರೆದಿದ್ದರು. ಕೈಯಲ್ಲೇ ದುಡ್ಡು ಕೊಡ್ತಿದ್ದರು, ಚೀಟಿ ಇಲ್ಲ.

ಕೋಡಿಬೀರ · 22 ಜೂನ್

ಹಾಗಿದ್ದರೆ ಜೊತೆಗೆ ದುಡಿದ ಇಬ್ಬರನ್ನು ಸಾಕ್ಷಿಗೆ ಒಪ್ಪಿಸಿಕೊಂಡು ನಿಯಂತ್ರಣಾಧಿಕಾರಿ ಮುಂದೆ ಹೋಗಿ. ಗೆಲ್ತೀರಿ ಅಂತ ನಾನು ಮಾತು ಕೊಡಲಾರೆ. ಏಳು ದಿನದ್ದನ್ನಂತೂ ಧಣಿಯೇ ಒಪ್ಪಿದ್ದಾರೆ, ಅದನ್ನು ಬರಹದಲ್ಲಿ ತಗೊಳ್ಳಿ.

ಬನವಾಸಿ ರಸ್ತೆ · 9 ಆಗಸ್ಟ್

ಹೊಸ ಸುದ್ದಿ ಹೇಳಬೇಕು. ಚೆಕ್ ತಗೊಂಡೆವು. ಸಹಿ ಮೇಲೆ ಆ ಸಾಲು ಬರೆಯುವಾಗ ಅಪ್ಪಯ್ಯನ ಕೈ ನಡುಗಿತು, ಆದರೂ ಬರೆದರು. ಫಾರ್ಮ್ ಐ ರಿಜಿಸ್ಟರ್ಡ್ ಪೋಸ್ಟ್‌ನಲ್ಲಿ ಹೋಯಿತು. ಜುಲೈ 28ಕ್ಕೆ 96,000 ಬ್ಯಾಂಕಿಗೆ ಬಂತು. 26ರ ಲೆಕ್ಕ ಒಪ್ಪಿದ್ದಾರೆ. "ಪ್ರೊಬೇಷನ್ ಅವಧಿ ಸೇರಿಸಲು ಬರುವುದಿಲ್ಲ" ಅಂತ ಪತ್ರ ಕೊಟ್ಟಿದ್ದಾರೆ. ರಜೆ ಬಗ್ಗೆ ಉತ್ತರವೇ ಇಲ್ಲ.

ಕೋಡಿಬೀರ · 9 ಆಗಸ್ಟ್

ಆ ಪತ್ರವನ್ನು ಜೋಪಾನವಾಗಿಡಿ. ನಿರಾಕರಣೆ ಬರಹದಲ್ಲಿ ಸಿಕ್ಕಿದ್ದು ನಿಮಗೆ ಒಳ್ಳೇದೇ. 45,000 ಮತ್ತು ಅದರ ಬಡ್ಡಿಗೆ ಫಾರ್ಮ್ ಎನ್ ಹಾಕಿ. 96,000 ಕೂಡ ಜೂನ್ 30ರ ನಂತರ ಬಂದದ್ದು. ಆ ನಾಲ್ಕು ವಾರದ ಬಡ್ಡಿಯನ್ನೂ ಸೇರಿಸಿ ಕೇಳಿ.

ಮೇಷ್ಟ್ರು ಕುಮಟಾ · 10 ಆಗಸ್ಟ್

ತಂಗಿ, ಅಪ್ಪಯ್ಯನಿಗೆ ನನ್ನ ನಮಸ್ಕಾರ ಹೇಳಿ. ನಾನು 204ಕ್ಕೂ ಕೇಳಿ ಅಂದಿದ್ದು ತಪ್ಪಾಯ್ತು.

ತದಡಿ ಗಾಳಿ · 14 ಡಿಸೆಂಬರ್

ನಾನು ಮುಂದಿನ ಫೆಬ್ರವರಿಗೆ ರಿಟೈರ್. ನವೆಂಬರ್ 21ರಿಂದ ಹೊಸ ಕಾರ್ಮಿಕ ಸಂಹಿತೆ ಬಂತಲ್ಲ, ಈಗಲಾದರೂ ಭತ್ಯೆ ಸೇರುತ್ತಾ?

ಕೋಡಿಬೀರ · 14 ಡಿಸೆಂಬರ್

ಎಲ್ಲವೂ ಸೇರೋದಿಲ್ಲ. ಹೊರಗಿಡುವ ಭತ್ಯೆಗಳು ಒಟ್ಟು ಸಂಬಳದ ಅರ್ಧಕ್ಕಿಂತ ಜಾಸ್ತಿ ಇದ್ದರೆ, ಆ ಜಾಸ್ತಿ ಭಾಗ ವೇತನಕ್ಕೆ ಸೇರುತ್ತೆ. ಬನವಾಸಿ ರಸ್ತೆಯವರ ಅಪ್ಪನಂತೆ 43,500ರಲ್ಲಿ ಭತ್ಯೆ 4,500 ಮಾತ್ರ ಇದ್ದರೆ ಏನೂ ಬದಲಾಗೋದಿಲ್ಲ. ಮೂಲ ವೇತನ ಕಡಿಮೆ ಇಟ್ಟು ಭತ್ಯೆ ಜಾಸ್ತಿ ಕೊಡುವ ಕಡೆ ದೊಡ್ಡ ವ್ಯತ್ಯಾಸ ಬರುತ್ತೆ. ನಿಮ್ಮ ಸಂಬಳದ ಚೀಟಿ ಹೇಗಿದೆ?

ತದಡಿ ಗಾಳಿ · 14 ಡಿಸೆಂಬರ್

ಮೂಲ ಮತ್ತು ತುಟ್ಟಿಭತ್ಯೆ 14,000. ಉಳಿದ ಭತ್ಯೆ 21,000.

ಕೋಡಿಬೀರ · 14 ಡಿಸೆಂಬರ್

ಒಟ್ಟು 35,000, ಅರ್ಧ 17,500. ಆ 21,000 ಎಲ್ಲವೂ ಹೊರಗಿಡುವ ಬಗೆಯದೇ ಆದರೂ 3,500 ಒಳಗೆ ಬರುತ್ತೆ. 14,000ದ ಬದಲು ಕನಿಷ್ಠ 17,500 ಹಿಡಿಯಬೇಕು. ಫೆಬ್ರವರಿಯವರೆಗೆ ಕಾಯದೆ ಈಗಲೇ ಆಫೀಸಿನಲ್ಲಿ ಕೇಳಿ.

ಬನವಾಸಿ ರಸ್ತೆ · 15 ಡಿಸೆಂಬರ್

ನಮ್ಮದು ಇನ್ನೂ ನಡೀತಾ ಇದೆ. ನಿಯಂತ್ರಣಾಧಿಕಾರಿ ಮೊದಲ ವಿಚಾರಣೆಯಲ್ಲಿ ಮೂಲ ಸೇವಾ ಪುಸ್ತಕ ತರಲು ಆಫೀಸಿನವರಿಗೆ ಹೇಳಿದ್ದಾರೆ. ಮುಂದಿನ ತಾರೀಕು ಜನವರಿಯಲ್ಲಿ. ಆ 18 ದಿನದ ರಜೆಗೆ ಎರಡು ಪತ್ರ ಬರೆದೆವು, ಆದೇಶದ ಪ್ರತಿ ಇನ್ನೂ ಕೊಟ್ಟಿಲ್ಲ. ಆಯಿಯ ಆಪರೇಷನ್ ಆಯ್ತು, ಈಗ ಅಂಗಳದವರೆಗೆ ನಡೀತಾರೆ.